ಬ್ಯಾಂಕ್ ಸಂದರ್ಶನಕ್ಕೆ ಏಳೇ ದಿನ: ಯಾವ ದಿನ ಏನು ಮಾಡಬೇಕು?

ಪ್ರಶ್ನೆ: ನಾನು ಕುಮಟಾದವನು, ಬಿ.ಕಾಂ. ಮುಗಿಸಿದ್ದೇನೆ. ಐಬಿಪಿಎಸ್ ಪ್ರೊಬೇಷನರಿ ಆಫೀಸರ್ ಮುಖ್ಯ ಪರೀಕ್ಷೆ ಪಾಸಾಗಿದೆ. ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಇನ್ನು ಏಳು ದಿನ ಇದೆ. ಅಪ್ಪನಿಗೆ ಮೀನುಗಾರಿಕೆಯ ಟ್ರಾಲ್ ಬೋಟಿದೆ. ಮನೆಯಲ್ಲೇ ದಿನವೂ ಉತ್ತರ ಹೇಳಿ ಅಭ್ಯಾಸ ಮಾಡುವುದು ಹೇಗೆ? ಹಿಂದಿನ ರಾತ್ರಿ ಏನೇನು ನೋಡಿಕೊಳ್ಳಬೇಕು?

ನಾನು ಶಿರಸಿ ಕಡೆಯವನು. ಈಗ ಕಾರವಾರದ ಬ್ಯಾಂಕ್ ಶಾಖೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಇದೇ ಸಂದರ್ಶನವನ್ನು ಎರಡು ಸಲ ಎದುರಿಸಿ, ಮೊದಲ ಸಲ ಸೋತವನು. ಆ ಸೋಲಿಗೆ ಕಾರಣವಾದದ್ದು ನನಗೆ ಬಾಯಿಪಾಠವಾಗಿದ್ದ ಒಂದು ಉತ್ತರ. ವಸೂಲಾಗದ ಸಾಲ, ಅಂದರೆ ಎನ್‌ಪಿಎ ಎಂದರೇನು ಎಂದು ಕೇಳಿದರು. ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದ ಸಾಲ ಎಂದು ತಡವರಿಸದೆ ಹೇಳಿದೆ. ಅದಕ್ಕೂ ಮುಂಚೆ, ನಮ್ಮದು ಕೃಷಿ ಕುಟುಂಬ ಎಂದು ಪರಿಚಯದಲ್ಲಿ ನಾನೇ ಹೇಳಿಕೊಂಡಿದ್ದೆ. ಸಮಿತಿಯ ಹಿರಿಯರೊಬ್ಬರು, "ಹಾಗಾದರೆ ನಿಮ್ಮೂರಿನ ಬೆಳೆಸಾಲಕ್ಕೂ 90 ದಿನವೇ?" ಎಂದರು. ಹೌದು ಎಂದುಬಿಟ್ಟೆ. ಬೆಳೆಸಾಲಕ್ಕೆ ದಿನದ ಲೆಕ್ಕವಲ್ಲ, ಹಂಗಾಮಿನ ಲೆಕ್ಕ: ಅಲ್ಪಾವಧಿ ಬೆಳೆಯಾದರೆ ಎರಡು ಹಂಗಾಮು, ದೀರ್ಘಾವಧಿ ಬೆಳೆಯಾದರೆ ಒಂದು ಹಂಗಾಮು ಬಾಕಿ ಉಳಿಯಬೇಕು. ಅದಾದ ಮೇಲೆ ಅವರು ಕೇಳಿದ ಯಾವ ಪ್ರಶ್ನೆಗೂ ನನ್ನ ದನಿ ಸರಿಯಾಗಿ ಏಳಲಿಲ್ಲ.

ಆದ್ದರಿಂದ ಈ ವಾರ ನೀವು ಅಭ್ಯಾಸ ಮಾಡಬೇಕಾದದ್ದು ಉತ್ತರಗಳನ್ನಲ್ಲ, ಉತ್ತರದ ಬೆನ್ನಿಗೆ ಬರುವ ಪ್ರಶ್ನೆಗಳನ್ನು. ಸಂದರ್ಶನಕ್ಕೆ 100 ಅಂಕ. ಮುಖ್ಯ ಪರೀಕ್ಷೆಯೊಂದಿಗೆ 80:20ರ ಪ್ರಮಾಣದಲ್ಲಿ ಅದು ಸೇರುವುದರಿಂದ ಇಲ್ಲಿ 10 ಅಂಕ ಹೆಚ್ಚು ಬಂದರೆ ಅಂತಿಮ ಲೆಕ್ಕದಲ್ಲಿ ಎರಡು ಅಂಕ ಮಾತ್ರ ಏರುತ್ತದೆ. ಆದರೆ ಸಂದರ್ಶನದಲ್ಲಿ ಎಸ್‌ಸಿ, ಎಸ್‌ಟಿ, ಒಬಿಸಿ ಮತ್ತು ಅಂಗವಿಕಲ ಅಭ್ಯರ್ಥಿಗಳು ಶೇ. 35, ಉಳಿದವರು ಶೇ. 40 ತೆಗೆಯದಿದ್ದರೆ ಮುಖ್ಯ ಪರೀಕ್ಷೆಯ ಅಂಕ ಎಷ್ಟಿದ್ದರೂ ಪ್ರಯೋಜನವಿಲ್ಲ.

ದಿನಗಳನ್ನು ಸಂದರ್ಶನದಿಂದ ಹಿಂದಕ್ಕೆ ಎಣಿಸೋಣ. ಏಳನೆಯ ದಿನ, ಅಂದರೆ ಇವತ್ತು, ಒಂದೂ ಉತ್ತರ ಹೇಳಬೇಡಿ; ದಾಖಲೆಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕುಳಿತುಕೊಳ್ಳಿ. ಇದನ್ನು ಹಿಂದಿನ ರಾತ್ರಿಗೆ ಬಿಡುವವರೇ ಹೆಚ್ಚು, ಆದರೆ ಆ ರಾತ್ರಿ ತಪ್ಪು ಕಂಡರೂ ತಿದ್ದಿಸುವುದಕ್ಕೆ ಯಾವ ಕಚೇರಿಯೂ ತೆರೆದಿರುವುದಿಲ್ಲ. ಮುಖ್ಯವಾಗಿ ಎರಡು ಕಡೆ ತೊಡಕಾಗುತ್ತದೆ. ಒಬಿಸಿ ಮೀಸಲಾತಿಯಲ್ಲಿ ಅರ್ಜಿ ಹಾಕಿದ್ದರೆ, ರಾಜ್ಯದ ಪ್ರವರ್ಗ-1 ಅಥವಾ 2ಎ ಎಂದು ಬರೆದ ಪ್ರಮಾಣಪತ್ರ ನಡೆಯುವುದಿಲ್ಲ; ಕೇಂದ್ರ ಸರ್ಕಾರದ ನಮೂನೆಯಲ್ಲಿ, ಕೆನೆಪದರಕ್ಕೆ ಸೇರಿಲ್ಲ ಎಂಬ ಒಕ್ಕಣೆಯೊಂದಿಗೆ, ಅಧಿಸೂಚನೆಯಲ್ಲಿ ಹೇಳಿದ ಅವಧಿಯೊಳಗಿನ ದಿನಾಂಕದ್ದೇ ಬೇಕು. ಇಲ್ಲದಿದ್ದರೆ ನಾಳೆ ಬೆಳಿಗ್ಗೆಯೇ ತಹಶೀಲ್ದಾರರ ಕಚೇರಿಗೆ ಹೋಗಿ. ಎರಡನೆಯದು ಹೆಸರು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುತ್ತದೆ. ಹೀಗಿದ್ದರೆ ಎರಡೂ ಹೆಸರು ಒಬ್ಬನದೇ ಎಂಬ ಅಫಿಡವಿಟ್ಟನ್ನು ನೋಟರಿಯಿಂದ ಈ ವಾರವೇ ಮಾಡಿಸಿಟ್ಟುಕೊಳ್ಳಿ.

ಆರನೆಯ ಮತ್ತು ಐದನೆಯ ದಿನ ಒಬ್ಬರೇ ಅಭ್ಯಾಸ ಮಾಡಿ. "ನಿಮ್ಮ ಬಗ್ಗೆ ಹೇಳಿ" ಎಂಬುದಕ್ಕೆ ಒಂದು ನಿಮಿಷದ ಉತ್ತರವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ನಂತರ ಅದನ್ನು ಕೇಳುತ್ತ ನಿಮ್ಮ ಬಾಯಿಂದ ಬಂದ ಒಂದೊಂದು ಹೆಸರನ್ನೂ ಕಾಗದದ ಮೇಲೆ ಬರೆಯಿರಿ: ಕುಮಟಾ, ಬಿ.ಕಾಂ., ಟ್ರಾಲ್ ಬೋಟು, ಮೀನುಗಾರಿಕೆ. ಪ್ರತಿಯೊಂದರ ಎದುರು ಎರಡು ಪ್ರಶ್ನೆ ಬರೆಯಿರಿ. ಉತ್ತರ ಗೊತ್ತಿಲ್ಲದ ಹೆಸರನ್ನು ಒಂದೋ ಓದಿ ತಿಳಿದುಕೊಳ್ಳಬೇಕು, ಇಲ್ಲವೇ ಪರಿಚಯದಿಂದ ತೆಗೆದುಹಾಕಬೇಕು. ಸಂದರ್ಶನದಲ್ಲಿ ಇಂಗ್ಲಿಷ್ ಮಾತಾಡುವವರೂ ಬೆನ್ನಿನ ಪ್ರಶ್ನೆಯ ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡುವುದು ಒಳ್ಳೆಯದು; ವಿಷಯವೇ ತಿಳಿದಿಲ್ಲವೋ, ಇಂಗ್ಲಿಷ್ ಪದ ಸಿಗುತ್ತಿಲ್ಲವೋ ಎಂಬುದು ಆಗಲೇ ಗೊತ್ತಾಗುತ್ತದೆ.

ನಿಮ್ಮ ಬೋಟನ್ನೇ ತೆಗೆದುಕೊಳ್ಳೋಣ. ನೀವು ಅದರ ಹೆಸರೆತ್ತಿದ ಕೂಡಲೇ, "ಮಳೆಗಾಲದಲ್ಲಿ ಬೋಟು ದಡದಲ್ಲಿರುವಾಗ ಸಾಲದ ಕಂತು ಎಲ್ಲಿಂದ ಬರುತ್ತದೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ ಎಂದುಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಾರಿಕೆಗೆ ಬೆಳೆ ಹಂಗಾಮಿನ ರಿಯಾಯಿತಿ ಸಿಗುವುದಿಲ್ಲ. ಬೋಟಿನ ಸಾಲಕ್ಕೆ 90 ದಿನದ ಲೆಕ್ಕವೇ. ಜೂನ್ 30ರ ಕಂತು ಬಾಕಿ ಉಳಿದರೆ ಸೆಪ್ಟೆಂಬರ್ 28ಕ್ಕೆ 90 ದಿನ ತುಂಬುತ್ತದೆ. ಆಗಸ್ಟಿನಲ್ಲಿ ಬೋಟು ಕಡಲಿಗಿಳಿದು ಒಳ್ಳೆಯ ಮೀನು ಸಿಕ್ಕರೆ ಅಷ್ಟರೊಳಗೆ ಕಟ್ಟಿಬಿಡಬಹುದು. ಗಾಳಿ-ಮಳೆಗೆ ಆಗಸ್ಟ್ ಹಾಳಾದರೆ ಕಷ್ಟ. ಹೀಗಾಗಿ ಸಾಲ ಮಂಜೂರು ಮಾಡುವಾಗಲೇ ಆ ಎರಡು ತಿಂಗಳು ಬಿಟ್ಟು ಉಳಿದ ಹತ್ತು ತಿಂಗಳಿಗೆ ಕಂತು ಹಂಚುವುದು ಸರಿ ಎಂದು ನೀವು ಹೇಳಿದರೆ, ಎದುರಿಗಿರುವವರು ಅಲ್ಲಿ ಒಬ್ಬ ಅಧಿಕಾರಿಯನ್ನು ಕಾಣುತ್ತಾರೆ. ಇದಕ್ಕೆ ಪುಸ್ತಕ ಬೇಡ; ಜುಲೈ ತಿಂಗಳ ಕಂತನ್ನು ಹೇಗೆ ಹೊಂದಿಸುತ್ತೀರಿ ಎಂದು ನಿಮ್ಮ ತಂದೆಯವರನ್ನೇ ಕೇಳಿ.

ನಾಲ್ಕನೆಯ ದಿನದಿಂದ ಎರಡನೆಯ ದಿನದವರೆಗೆ ಪ್ರಶ್ನೆ ಕೇಳುವವರು ಬೇರೆಯವರಾಗಿರಬೇಕು, ಸ್ನೇಹಿತರು ಬೇಡ. ಎರಡನೆಯ ಸಲ ನನಗೆ ಪ್ರಶ್ನೆ ಹಾಕಿದವರು ಸಹಕಾರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಚಿಕ್ಕಪ್ಪ. ಅಡಿಕೆ ಕೊಯ್ಲಿನ ದಿನಗಳವು. ಅವರು ಜಗಲಿಯಲ್ಲಿ ಕುಳಿತು ಹಸಿ ಅಡಿಕೆ ಸುಲಿಯುತ್ತ, ಕತ್ತಿಯಿಂದ ಕಣ್ಣೆತ್ತದೆ ಕೇಳುತ್ತಿದ್ದರು. ನಾನು ಸುತ್ತಿ ಬಳಸಿ ಹೇಳತೊಡಗಿದರೆ ಕೈಯಲ್ಲಿದ್ದ ಅಡಿಕೆಯನ್ನು ಬುಟ್ಟಿಗೆ ಎಸೆದು, "ತಮ್ಮಾ, ಗೊತ್ತಿಲ್ಲ ಅಂತ ಹೇಳಿಬಿಡು, ನನಗೆ ಇನ್ನೂ ಎರಡು ಬುಟ್ಟಿ ಇದೆ" ಎನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಮೂರು ಸೆಕೆಂಡಿನೊಳಗೆ ಒಪ್ಪಿಕೊಳ್ಳುವುದನ್ನು ನಾನು ಕಲಿತದ್ದು ಅಲ್ಲಿಯೇ. ದಿನಕ್ಕೆ ಒಂದೇ ಸಲ, ಇಪ್ಪತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಉತ್ತರ ಮತ್ತೆ ಬಾಯಿಪಾಠವಾಗುತ್ತದೆ. ಎರಡು ದಿನದ ಧ್ವನಿಮುದ್ರಣದಲ್ಲಿ ಒಂದೇ ವಾಕ್ಯ ಅಕ್ಷರವೂ ಬದಲಾಗದೆ ಬಂದಿದ್ದರೆ ಹಾಗಾಗಿದೆ ಎಂದು ತಿಳಿಯಿರಿ.

ಪ್ರಯಾಣದ ಬಗ್ಗೆ ಒಂದೇ ಮಾತು: ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ, ಮರುದಿನ ಬೆಳಿಗ್ಗೆ ಇಳಿದು, ನೇರವಾಗಿ ಸಂದರ್ಶನಕ್ಕೆ ಹೋಗುವ ಲೆಕ್ಕ ಹಾಕಬೇಡಿ. ಒಂದು ದಿನ ಮೊದಲೇ ಬೆಂಗಳೂರು ತಲುಪಿ, ಸಂಜೆ ಆ ಕಟ್ಟಡದ ಗೇಟಿನವರೆಗೆ ಹೋಗಿ ಬನ್ನಿ.

ಹೀಗಾಗಿ ಹಿಂದಿನ ರಾತ್ರಿ ನೀವು ಲಾಡ್ಜಿನ ಕೋಣೆಯಲ್ಲಿರುತ್ತೀರಿ, ಕೆಲಸವೂ ಅರ್ಧ ಗಂಟೆಯದ್ದೇ. ಕಡತದ ಮೇಲೆ ಫೋಟೊ ಅಂಟಿಸಿದ ಕರೆಪತ್ರ, ಅದರಡಿ ಗುರುತಿನ ಚೀಟಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿಯ ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿ ಮತ್ತು ಪದವಿ ಪ್ರಮಾಣಪತ್ರ, ಕೊನೆಗೆ ಜಾತಿ ಪ್ರಮಾಣಪತ್ರ ಮತ್ತು ಅಫಿಡವಿಟ್. ಮೂಲ ಪ್ರತಿಗಳು ಒಂದು ಕಡತದಲ್ಲಿ, ನಕಲುಗಳು ಅದೇ ಕ್ರಮದಲ್ಲಿ ಇನ್ನೊಂದರಲ್ಲಿ ಇರಲಿ. ಕರೆಪತ್ರದಲ್ಲಿ ಕೇಳಿದ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತ ಒಂದೊಂದರ ಮೇಲೂ ಬೆರಳಿಡಿ. ಬಯೋಡೇಟಾವನ್ನು ಒಮ್ಮೆ ಓದಿ, ಹವ್ಯಾಸ ಎಂದು ಬರೆದದ್ದರ ಬಗ್ಗೆ ಎರಡು ನಿಮಿಷ ಮಾತಾಡಬಲ್ಲಿರಾ ಎಂದು ನೋಡಿ. ಮೊಬೈಲನ್ನು ಹೊರಗಿಡಬೇಕಾಗಬಹುದು, ಆದ್ದರಿಂದ ವಿಳಾಸ ಮತ್ತು ಮನೆಯ ನಂಬರನ್ನು ಕಾಗದದಲ್ಲಿ ಬರೆದು ಜೇಬಿಗೆ ಹಾಕಿ. ಇಸ್ತ್ರಿ ಮಾಡಿದ ಅಂಗಿಯನ್ನು ಚೀಲದಿಂದ ತೆಗೆದು ಗೂಟಕ್ಕೆ ತೂಗುಹಾಕಿ. ಗುಂಡಿ ಕಿತ್ತದ್ದು ಬೆಳಿಗ್ಗೆ ಎಂಟಕ್ಕೆ ಗೊತ್ತಾಗುವುದಕ್ಕಿಂತ ರಾತ್ರಿಯೇ ಗೊತ್ತಾಗಲಿ. ಆ ರಾತ್ರಿ ಹೊಸದೇನನ್ನೂ ಓದಬೇಡಿ. ಆ ದಿನದ ಪತ್ರಿಕೆಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರ ಬದಲಿಸಿದ ಸುದ್ದಿ ಇದೆಯೇ ಎಂದು ಮಾತ್ರ ನೋಡಿ ದೀಪ ಆರಿಸಿ.