ಕಾಕಾನ ಫೋನಿನಲ್ಲಿ ಸಿಕ್ಕ ಮುಖ

ಮೇಡಂ, ನಾನು ಗದಗಿನಲ್ಲಿ ಪಿಯುಸಿ ಮೊದಲ ವರ್ಷ ಓದುತ್ತಿದ್ದೇನೆ. ಒಂಬತ್ತನೇ ಕ್ಲಾಸಿನಿಂದ ಎಡಿಟ್ ಮಾಡದೆ ನನ್ನದೊಂದು ಫೋಟೋನೂ ಹಾಕಿಲ್ಲ. ಮುಖ ಸಣ್ಣ ಮಾಡ್ತೀನಿ, ಮೂಗು ಸಣ್ಣ ಮಾಡ್ತೀನಿ, ಬಣ್ಣ ತಿಳಿ ಮಾಡ್ತೀನಿ, ಮೊಡವೆ ಅಳಿಸ್ತೀನಿ. ಮೊನ್ನೆ ಕಾಕಾನ ಹಳೇ ಫೋನಿನಲ್ಲಿ ಎರಡು ವರ್ಷದ ಹಿಂದೆ ಲಕ್ಕುಂಡಿಗೆ ಹೋದಾಗ ತೆಗೆದ ಫೋಟೋ ಸಿಕ್ಕಿತು. ಮುಸುಕಿನ ಬಾವಿ ಮೆಟ್ಟಿಲ ಮೇಲೆ ಕೂತು ನಗಾಕತ್ತೀನಿ. ಮೊದಲಿಗೆ ನನ್ನ ಗುರುತೇ ನನಗೆ ಹತ್ತಲಿಲ್ಲ. ಆಮೇಲೆ ಚಲೋ ಅನ್ನಿಸಿತು, ಮೂಗು ಏನೂ ದಪ್ಪ ಇರಲಿಲ್ಲ. ಖುಷಿಯಿಂದ ಅವತ್ತೇ ಎಡಿಟ್ ಇಲ್ಲದ ಸೆಲ್ಫಿ ತೆಗೆದರೆ ಮತ್ತೆ ಅದೇ ದಪ್ಪ ಮೂಗು. ಯಾವುದು ಖರೆ? ಡಿಸೆಂಬರ್‌ನಲ್ಲಿ ಅಕ್ಕನ ಮದುವೆ ಇದೆ, ಎಲ್ಲಾರೂ ಫೋಟೋ ಹಾಕ್ತಾರೆ. ನನ್ನ ಮುಖ ನೋಡಿ ಇನ್‌ಸ್ಟಾದಲ್ಲಿ ಇರೋರು ಏನಂದಾರು? ಎಡಿಟ್ ಮಾಡಿದ್ದೆಲ್ಲಾ ಅಳಿಸಿಬಿಡಲೇ?

— ಹೆಸರು ಬೇಡ, ಗದಗ

ತಂಗಿ,

ಮೂಗಿನ ಮಟ್ಟಿಗೆ ಕಾಕಾನ ಫೋಟೋನೇ ನಂಬು. ನಿನ್ನ ಸಮಾಧಾನಕ್ಕೆ ಹೇಳುತ್ತಿಲ್ಲ, ಇದಕ್ಕೆ ಲೆಕ್ಕ ಇದೆ.

ಸೆಲ್ಫಿ ತೆಗೆಯುವಾಗ ಮೊಣಕೈ ಮಡಚಿ ಹಿಡಿದರೆ ಫೋನು ನಿನ್ನ ಮೂಗಿನ ತುದಿಯಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಮೂಗಿನ ತುದಿಯಿಂದ ಕಿವಿ ಇನ್ನೂ 12 ಸೆಂಟಿಮೀಟರ್ ಹಿಂದೆ ಇದೆ ಅಂದುಕೋ. ಅಂದರೆ ಕ್ಯಾಮೆರಾದಿಂದ ಮೂಗು 30ರಲ್ಲಿ, ಕಿವಿ 42ರಲ್ಲಿ. ಹತ್ತಿರ ಇದ್ದದ್ದು ದೊಡ್ಡದಾಗಿ ಬೀಳುತ್ತದೆ, ದೂರ ಇದ್ದದ್ದು ಸಣ್ಣದಾಗಿ. ಹಾಗಾಗಿ ಕಿವಿಗೆ ಹೋಲಿಸಿದರೆ ಮೂಗು 40 ಪ್ರತಿಶತ ಹಿಗ್ಗಿ ಕಾಣುತ್ತದೆ, ಕೆನ್ನೆ ಮತ್ತು ಕಿವಿ ಹಿಂದೆ ಸರಿದುಬಿಡುತ್ತವೆ. ಈಗ ಕಾಕಾ ಐದು ಅಡಿ ದೂರ ನಿಂತು ತೆಗೆದರು ಅನ್ನು. ಆಗ ಮೂಗು 150ರಲ್ಲಿ, ಕಿವಿ 162ರಲ್ಲಿ. ವ್ಯತ್ಯಾಸ ಬರೀ 8 ಪ್ರತಿಶತ. ಮುಖ ಅದೇ, ಮೂಗೂ ಅದೇ, ಬದಲಾದದ್ದು ಫೋನು ನಿಂತ ಜಾಗ. ಅಮೆರಿಕದ ಕೆಲವು ವೈದ್ಯರು 2018ರಲ್ಲಿ ಇದನ್ನೇ ಲೆಕ್ಕ ಹಾಕಿ ಪ್ರಕಟಿಸಿದರು. 12 ಇಂಚಿನಿಂದ ತೆಗೆದ ಸೆಲ್ಫಿಯಲ್ಲಿ ಮೂಗು ಐದು ಅಡಿಯಿಂದ ತೆಗೆದದ್ದಕ್ಕಿಂತ ಸುಮಾರು 30 ಪ್ರತಿಶತ ಅಗಲ ಕಾಣುತ್ತದೆ ಎಂಬುದು ಅವರ ಲೆಕ್ಕ. ಸೆಲ್ಫಿ ಹಿಡಿದುಕೊಂಡು ಮೂಗು ಸಣ್ಣ ಮಾಡಿಸಿಕೊಳ್ಳಲು ಬರುವವರು ಹೆಚ್ಚಾಗಿದ್ದಕ್ಕೇ ಅವರು ಈ ಲೆಕ್ಕಕ್ಕೆ ಕೈ ಹಾಕಿದ್ದು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಇಷ್ಟು ದಿನ ನೀನು ನಿನ್ನ ಮೂಗಿನಲ್ಲಿ ಇಲ್ಲದ ದೋಷವನ್ನು ತಿದ್ದುತ್ತಿದ್ದೆ. ಹತ್ತಿರದ ಕ್ಯಾಮೆರಾ ಮೂಗನ್ನು ಹಿಗ್ಗಿಸುತ್ತಿತ್ತು, ನೀನು ಆ್ಯಪಿನಲ್ಲಿ ಅದನ್ನು ಕುಗ್ಗಿಸುತ್ತಿದ್ದೆ. ಕುಗ್ಗಿಸುತ್ತಾ ಕುಗ್ಗಿಸುತ್ತಾ ನಿಜವಾದ ಅಳತೆಯನ್ನೂ ದಾಟಿ ಹೋಗಿರಬಹುದು. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬೆಳಿಗ್ಗೆ ಬಾಗಿಲ ಕಡೆ ಮುಖ ಮಾಡಿ ನಿಲ್ಲು. ತಮ್ಮನೋ ಅವ್ವನೋ ಐದಾರು ಅಡಿ ದೂರ ನಿಂತು, ಹತ್ತಿರ ಬರದೆ 2x ಜೂಮ್ ಮಾಡಿ, ಹಿಂದಿನ ಕ್ಯಾಮೆರಾದಲ್ಲಿ ಒಂದು ಫೋಟೋ ತೆಗೆಯಲಿ. ಅದೇ ಜಾಗದಲ್ಲಿ ನೀನೊಂದು ಸೆಲ್ಫಿ ತೆಗೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕಿವಿಗಳನ್ನು ನೋಡು. ಮೊದಲಿನದರಲ್ಲಿ ಕಿವಿ, ಜುಮಕಿ ಪೂರ್ತಿ ಕಾಣುತ್ತವೆ. ಸೆಲ್ಫಿಯಲ್ಲಿ ಅರ್ಧ ಕೆನ್ನೆಯ ಹಿಂದೆ ಅಡಗಿರುತ್ತವೆ. ಮಧ್ಯಾಹ್ನ ಹೊರಗೆ ತೆಗೆಯಬೇಡ. ನಮ್ಮ ಕಡೆಯ ಬಿಸಿಲು ನೆತ್ತಿಯಿಂದ ಬಿದ್ದು ಕಣ್ಣ ಕೆಳಗೆ, ಮೂಗಿನ ಕೆಳಗೆ ಕರಿನೆರಳು ಮಾಡುತ್ತದೆ, ಯಾರ ಮುಖವಾದರೂ ಸೋತಂತೆ ಕಾಣುತ್ತದೆ.

ಪರೀಕ್ಷೆ ಮಾಡುವ ಮೊದಲು ಒಂದು ಕೆಲಸ ಬಾಕಿ ಇದೆ. ನೀನು ಎಡಿಟ್ ಇಲ್ಲದ್ದು ಅಂದುಕೊಂಡ ಸೆಲ್ಫಿ ಪೂರ್ತಿ ಎಡಿಟ್ ಇಲ್ಲದ್ದು ಹೌದೋ ಅಲ್ಲೋ ನೋಡಿಕೋ. ಎಷ್ಟೋ ಫೋನುಗಳ ಮುಂದಿನ ಕ್ಯಾಮೆರಾದಲ್ಲಿ ಬ್ಯೂಟಿ ಎನ್ನುವುದು ಅಂಗಡಿಯಿಂದ ಬರುವಾಗಲೇ ಆನ್ ಆಗಿರುತ್ತದೆ. ಕ್ಯಾಮೆರಾ ತೆರೆದರೆ ಒಂದು ಮುಖದ ಚಿತ್ರವೋ ಮಂತ್ರದಂಡದ ಚಿತ್ರವೋ ಕಾಣುತ್ತದೆ. ಅದನ್ನು ಒತ್ತಿ ಎಲ್ಲವನ್ನೂ ಸೊನ್ನೆಗೆ ಇಳಿಸು. ಹುಬ್ಬಿನ ಬಿಡಿಬಿಡಿ ಕೂದಲು, ಮೇಲ್ದುಟಿಯ ಸಣ್ಣ ರೋಮ, ಮೂಗಿನ ಪಕ್ಕದ ರಂಧ್ರ ಕಂಡರೆ ಪೂರ್ತಿ ಆಫ್ ಆಗಿದೆ ಎಂದು ತಿಳಿ. ಚರ್ಮವೆಲ್ಲ ಒಂದೇ ಸಮ ಮೆತ್ತಗೆ ಕಂಡರೆ ಎಲ್ಲೋ ಇನ್ನೂ ನಡೆದಿದೆ.

ಮೊದಲಿಗೆ ಗುರುತು ಹತ್ತದೆ ಇದ್ದದ್ದಕ್ಕೂ ಹೆದರಬೇಡ. ಕನ್ನಡಿಯಲ್ಲಿ, ಸೆಲ್ಫಿ ತೆಗೆಯುವ ಪರದೆಯಲ್ಲಿ ನೀನು ನೋಡುವುದು ಎಡಬಲ ತಿರುಗಿದ ಮುಖ. ಬೈತಲೆ, ಮೂಗುತಿ, ಒಂದು ಕಡೆ ಸ್ವಲ್ಪ ಮೇಲೇಳುವ ನಗು, ಎಲ್ಲಾ ಅದಲುಬದಲು. ಕಾಕಾ ತೆಗೆದದ್ದು ಊರಿನ ಮಂದಿ ನೋಡುವ ನಿನ್ನ ಮುಖ. 1977ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಕಾಲೇಜು ಹುಡುಗಿಯರಿಗೆ ಅವರದೇ ಎರಡು ಫೋಟೋ ತೋರಿಸಿದರು, ಒಂದು ಇದ್ದ ಹಾಗೆ, ಇನ್ನೊಂದು ಕನ್ನಡಿಯಲ್ಲಿ ಕಂಡ ಹಾಗೆ. ಹುಡುಗಿಯರಲ್ಲಿ ಹೆಚ್ಚಿನವರು ಕನ್ನಡಿಯದನ್ನು ಆರಿಸಿದರು, ಅವರ ಗೆಳತಿಯರಲ್ಲಿ ಹೆಚ್ಚಿನವರು ಇದ್ದ ಹಾಗೆ ಇದ್ದದ್ದನ್ನು. ಯಾರು ಯಾವುದನ್ನು ದಿನಾ ನೋಡಿದ್ದರೋ ಅದೇ ಅವರಿಗೆ ಚಂದ ಕಂಡಿತು. ನೀನು ಎರಡು ವರ್ಷದಿಂದ ದಿನಾ ನೋಡಿದ್ದು ತಿದ್ದಿದ ಮುಖ. ಅದೇ ರೂಢಿಯಾಗಿದೆ, ಆದ್ದರಿಂದ ಖರೆ ಮುಖ ಪರಕೀಯ ಅನ್ನಿಸಿತು. ರೂಢಿ ಮತ್ತೆ ಬದಲಾಗುತ್ತದೆ, ಆದರೆ ಒಂದು ವಾರದಲ್ಲಿ ಅಲ್ಲ.

ಅದಕ್ಕೇ ನಿನ್ನ ಎಡಿಟ್ ಮಾಡಿದ ಫೋಟೋ ಯಾವುದನ್ನೂ ಸದ್ಯ ಅಳಿಸಬೇಡ. ಎಲ್ಲವನ್ನೂ ತಾರೀಖಿನ ಪ್ರಕಾರ ಸಾಲಾಗಿ ಇಟ್ಟು, ಒಂಬತ್ತನೇ ಕ್ಲಾಸಿನ ಮೊದಲನೆಯದನ್ನೂ ಈ ತಿಂಗಳದ್ದನ್ನೂ ನೋಡು. ಮೊದಲು ಒಂದು ಮೊಡವೆ ಅಳಿಸಿರುತ್ತೀ. ಆಮೇಲೆ ಚರ್ಮ, ಆಮೇಲೆ ಬಣ್ಣ, ಆಮೇಲೆ ಗದ್ದ, ಮೂಗು. ಚಹಾಕ್ಕೆ ಸಕ್ಕರೆ ಏರಿಸುತ್ತಾ ಹೋದವರಿಗೆ ಮನೆಯ ಚಹಾ ಸಪ್ಪೆ ಅನ್ನಿಸುವ ಹಾಗೆ ಕಣ್ಣಿಗೂ ಆಗುತ್ತದೆ. ಇದನ್ನು ನಿನ್ನ ಕಣ್ಣಿಂದಲೇ ನೋಡಿದರೆ ನನ್ನ ಮಾತಿಗಿಂತ ಹೆಚ್ಚು ತಿಳಿಯುತ್ತದೆ.

ಬಿಡುವುದನ್ನೂ ಹಂತಹಂತವಾಗಿ ಬಿಡು. ಒಮ್ಮೆಲೇ ಎಲ್ಲಾ ಬಿಟ್ಟವರು ಒಂದು ಕೆಟ್ಟ ಕಮೆಂಟ್ ಬಂದ ದಿನ ಒಮ್ಮೆಲೇ ಎಲ್ಲಾ ಹಿಡಿಯುವುದನ್ನು ಕಂಡಿದ್ದೇನೆ. ಮೊದಲು ಮುಖದ ಆಕಾರ ಬದಲಿಸುವುದನ್ನು ನಿಲ್ಲಿಸು. ಆ್ಯಪು ನಿನ್ನ ಮುಖದ ಮೇಲೆ ಹತ್ತಾರು ಚುಕ್ಕಿ ಗುರುತಿಸಿ, ಅವುಗಳ ನಡುವೆ ಬಲೆ ಹೆಣೆದು, ಗದ್ದದ ಚುಕ್ಕಿಗಳನ್ನು ಒಳಗೆ ಎಳೆಯುತ್ತದೆ. ಬಲೆ ಎಳೆದಾಗ ಹಿಂದಿನದೂ ಎಳೆಯಲ್ಪಡುತ್ತದೆ. ನಿನ್ನ ಫೋಟೋಗಳಲ್ಲಿ ಕೆನ್ನೆಯ ಪಕ್ಕದ ಬಾಗಿಲ ಚೌಕಟ್ಟು ನೆಟ್ಟಗಿದೆಯೋ ಡೊಂಕಾಗಿದೆಯೋ ನೋಡು. ಈ ಎಳೆತವೇ ನಿನ್ನನ್ನು ನಿನ್ನ ಮುಖದಿಂದ ಎಲ್ಲಕ್ಕಿಂತ ದೂರ ಒಯ್ದದ್ದು. ಮೊಡವೆ ವಾರದಲ್ಲಿ ಹೋಗುತ್ತದೆ, ಎಲುಬು ಎಂದಿಗೂ ಆ್ಯಪಿನ ಹಾಗೆ ಆಗುವುದಿಲ್ಲ.

ಎರಡನೆಯದು ಬಣ್ಣ. ತಿಳಿ ಬಣ್ಣವೇ ಚಂದ ಎಂಬುದನ್ನು ನಿನಗೆ ಆ್ಯಪು ಕಲಿಸಿಲ್ಲ. ಮನೆಯಲ್ಲಿ, ಮದುವೆ ಮಾತುಕತೆಯಲ್ಲಿ, ಬಿಸಿಲಿಗೆ ಹೋಗಬೇಡ ಕರ್ರಗಾಗ್ತಿ ಅನ್ನುವಲ್ಲಿ ಕಿವಿಗೆ ಬಿದ್ದದ್ದು ಅದು. ಈ ಮಾತಿಗೆ ನನಗೆ ಸಿಟ್ಟು ಬರುತ್ತದೆ, ಬರಲೇಬೇಕು. ನೀನು ಆ ಸ್ಲೈಡರನ್ನು ಮುಟ್ಟದೆ ಹಾಕಿದ ಪ್ರತಿ ಫೋಟೋ ನಿಮ್ಮ ಮನೆಯ ಸಣ್ಣ ಹುಡುಗಿಯರೂ ನೋಡುತ್ತಾರೆ. ಹಾಂ, ಕತ್ತಲಲ್ಲಿ ತೆಗೆದ ಫೋಟೋಕ್ಕೆ ಬೆಳಕು ಏರಿಸುವುದು, ಅಂಚು ಕತ್ತರಿಸುವುದು ಬೇರೆ. ಅದು ಇಡೀ ಚಿತ್ರಕ್ಕೆ ಆಗುತ್ತದೆ, ಸೀರೆಗೂ ಗೋಡೆಗೂ ಆಗುತ್ತದೆ. ಅದನ್ನು ಬಿಡುವ ಅಗತ್ಯವಿಲ್ಲ.

ಮೊಡವೆ ಅಳಿಸುವುದನ್ನು ಕೊನೆಗೆ ಇಟ್ಟುಕೋ, ಅವಸರವಿಲ್ಲ. ನಿನ್ನ ವಯಸ್ಸಿನಲ್ಲಿ ಹಾರ್ಮೋನಿನಿಂದ ಚರ್ಮದ ಎಣ್ಣೆ ಗ್ರಂಥಿಗಳು ಚುರುಕಾಗಿರುತ್ತವೆ, ಮೊಡವೆ ಬರುತ್ತದೆ. ಆ ದಿನ ಅದು ಕಾಣದಿದ್ದರೆ ಸಮಾಧಾನ ಅನ್ನಿಸಿದರೆ ಅನ್ನಿಸಲಿ. ಆದರೆ ಚರ್ಮವನ್ನು ನುಣ್ಣಗೆ ಮಾಡುವ ಸ್ಲೈಡರ್ ಬೇರೆ ಜಾತಿಯದು. ಅದು ಅಕ್ಕಪಕ್ಕದ ಚುಕ್ಕಿಗಳ ಬಣ್ಣ ಕೂಡಿಸಿ ಸರಾಸರಿ ಮಾಡಿ, ಕಣ್ಣು ತುಟಿಯ ಗೆರೆ ಮಾತ್ರ ಉಳಿಸುತ್ತದೆ. ಮೊಡವೆಯ ಜೊತೆಗೆ ರಂಧ್ರ, ಮಚ್ಚೆ, ರೋಮ ಎಲ್ಲಾ ಹೋಗುತ್ತದೆ. ಅಂಥ ಚರ್ಮ ಜಗತ್ತಿನಲ್ಲಿ ಯಾರಿಗೂ ಇಲ್ಲ.

ಇನ್‌ಸ್ಟಾದಲ್ಲಿ ಏನಂದಾರು ಎಂಬ ಚಿಂತೆಯನ್ನು ಸ್ವಲ್ಪ ಬಿಡಿಸಿ ನೋಡು. ಕ್ಲಾಸಿನವರು, ಓಣಿಯವರು, ಬೀಗರು ದಿನಾ ನಿನ್ನ ಖರೆ ಮುಖವನ್ನೇ ನೋಡುತ್ತಾರೆ. ಅವರಿಗೆ ವಿಚಿತ್ರ ಅನ್ನಿಸಿದ್ದರೆ ಇಷ್ಟು ದಿನದ ಫೋಟೋಗಳೇ ಅನ್ನಿಸಿರಬೇಕು. ಉಳಿದವರು ನಿನ್ನನ್ನು ಎಂದೂ ಎದುರಿಗೆ ಕಾಣದವರು. ಯಾರಾದರೂ "ಫಿಲ್ಟರ್ ಹಾಕಿಲ್ಲೇನs?" ಅಂದರೆ "ಇಲ್ಲ, ಬಿಟ್ಟೀನಿ" ಅನ್ನು. ಅಷ್ಟಕ್ಕೇ ನಿಲ್ಲಿಸು, ಕಾರಣ ಹೇಳಹೋಗಬೇಡ. ಗುಂಪಿನ ಫೋಟೋ ತೆಗೆಯುವ ಗೆಳತಿಗೆ ಮೊದಲೇ ಹೇಳಿಡು, ಎಷ್ಟೋ ಆ್ಯಪುಗಳು ಫ್ರೇಮಿನಲ್ಲಿರುವ ಎಲ್ಲರ ಮುಖವನ್ನೂ ಒಟ್ಟಿಗೆ ತಿದ್ದಿಬಿಡುತ್ತವೆ.

ಒಂದು ವಿಷಯ ಮಾತ್ರ ನನಗೆ ನೀನು ಹೇಳಿಲ್ಲ. ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಹೊತ್ತು ಮೂಗು, ಚರ್ಮದ್ದೇ ಚಿಂತೆ ಇರುತ್ತದೆಯೇ? ಅದಕ್ಕಾಗಿ ಕಾಲೇಜು ತಪ್ಪಿಸಿದ್ದೀಯಾ, ಯಾರಾದರೂ ಫೋಟೋ ತೆಗೆದರೆ ಎದ್ದು ಹೋಗುತ್ತೀಯಾ, ಕನ್ನಡಿ ಮುಂದೆ ಮೊಡವೆ ಹಿಸುಕಿ ಗಾಯ ಮಾಡಿಕೊಳ್ಳುತ್ತೀಯಾ? ಹೌದಾದರೆ ಫಿಲ್ಟರ್ ಬಿಟ್ಟರೆ ಸಾಲದು. ರೂಪದ ಚಿಂತೆ ಕಾಯಿಲೆಯಾಗುವುದುಂಟು, ಹೆಚ್ಚಾಗಿ ನಿನ್ನ ವಯಸ್ಸಿನಲ್ಲೇ ಶುರುವಾಗುತ್ತದೆ, ಚಿಕಿತ್ಸೆಯಿಂದ ಹತೋಟಿಗೆ ಬರುತ್ತದೆ. 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ಅವ್ವನ ಜೊತೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೂ ಹೋಗಬಹುದು, ಗದಗಿನಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ವಾಪಸ್.

ಇನ್ನು ಅಕ್ಕನ ಮದುವೆ. ಮದುವೆ ಫೋಟೋಗ್ರಾಫರುಗಳಲ್ಲಿ ಬಹಳ ಮಂದಿ ಕೇಳದೆಯೇ ಎಲ್ಲರ ಚರ್ಮ ನುಣ್ಣಗೆ, ಬಣ್ಣ ತಿಳಿ ಮಾಡಿ ಆಲ್ಬಂ ಕೊಡುತ್ತಾರೆ. ಗಿರಾಕಿಗೆ ಅದೇ ಬೇಕು ಅನ್ನುವುದು ಅವರ ಲೆಕ್ಕ. ಅಡ್ವಾನ್ಸ್ ಕೊಡುವ ದಿನ ನೀನೂ ಅಪ್ಪನ ಜೊತೆ ಹೋಗು. ನನ್ನ ಮುಖ ತಿದ್ದಬೇಡಿ, ಬೆಳಕು ಸರಿ ಮಾಡಿದರೆ ಸಾಕು ಅಂತ ಹೇಳು, ಆಲ್ಬಂ ಪ್ರಿಂಟ್‌ಗೆ ಕಳಿಸುವ ಮೊದಲು ಡಿಸೈನ್ ಒಮ್ಮೆ ತೋರಿಸಲು ಹೇಳು. ಅಕ್ಕನಿಗೂ ಕೇಳು, ಅವಳ ಮುಖ ಅವಳ ಇಷ್ಟ. ಅರಿಷಿಣದ ದಿನ ಕಾಕಾನ ಕೈಗೆ ಫೋನ್ ಕೊಟ್ಟು ಐದಾರು ಅಡಿ ದೂರದಿಂದ ತೆಗೆಯಲು ಹೇಳು. ಅವತ್ತಿನ ಯಾವ ಫೋಟೋ ಹಾಕಬೇಕು ಎನ್ನುವುದನ್ನು ರಾತ್ರಿ ಒಬ್ಬಳೇ ಕೂತು ಆರಿಸಬೇಡ, ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಕೂತು ಆರಿಸು.