ಆರ್ಡರ್ ಬೇರೆ, ಬಿಲ್ಲು ಬೇರೆ: ಡೆವಲಪರ್‌ಗೆ ಏನು ಬರೆದುಕೊಡಬೇಕು?

ಪ್ರಶ್ನೆ: ಮಂಡ್ಯದಲ್ಲಿ ನಮ್ಮದು ಬೆಲ್ಲದ ಹೋಲ್‌ಸೇಲ್ ಅಂಗಡಿ. ‘ಆರ್ಡರ್, ಬಿಲ್ಲು, ಸ್ಟಾಕು, ಬಾಕಿ ಎಲ್ಲ ಬರಬೇಕು, ಸಿಂಪಲ್ಲಾಗಿರಬೇಕು’ ಅಂತ ಒಬ್ಬ ಫ್ರೀಲ್ಯಾನ್ಸ್ ಡೆವಲಪರ್‌ಗೆ ಬರೆದುಕೊಟ್ಟೆ. ತಂತ್ರಾಂಶ ಮಾಡಿಕೊಟ್ಟಿದ್ದಾನೆ. ಆದರೆ ತೂಕ ತಾಳೆಯಾಗಲ್ಲ, ಇವತ್ತು ರೇಟು ಬದಲಾಯಿಸಿದರೆ ಹಳೇ ಬಿಲ್ಲಿನ ಮೊತ್ತವೂ ಬದಲಾಗುತ್ತೆ. ಇನ್ನೇನು ಬರೀಬೇಕಿತ್ತು?

ಉತ್ತರ: ಬೆಲ್ಲದ ವ್ಯಾಪಾರ ನಿಮಗೆ ಗೊತ್ತು, ಆ ಹುಡುಗನಿಗೆ ಗೊತ್ತಿಲ್ಲ. ನೀವು ಹೇಳದೆ ಬಿಟ್ಟ ಕಡೆಯಲ್ಲೆಲ್ಲ ಅವನು ತನಗೆ ತೋಚಿದ್ದನ್ನು ತುಂಬಿದ್ದಾನೆ. ‘ಸಿಂಪಲ್ಲಾಗಿರಬೇಕು’ ಎಂಬ ಸಾಲು ನನಗೆ ಬರುವ ಇಂಥ ಪತ್ರಗಳಲ್ಲೆಲ್ಲ ಇರುತ್ತದೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅದರ ಬದಲು ನಿಮ್ಮ ಅಂಗಡಿಯಲ್ಲಿ ನಡೆಯುವ ಒಂದು ವ್ಯವಹಾರವನ್ನು ಮೊದಲಿಂದ ಕೊನೆಯವರೆಗೆ ಬರೆಯಿರಿ.

ಹೀಗೆ: ಸೋಮವಾರ ಮದ್ದೂರಿನ ಹೋಟೆಲಿನವರು ಫೋನ್ ಮಾಡಿ 5 ಬಕೆಟ್ ಬೆಲ್ಲ ಹೇಳುತ್ತಾರೆ. ಕಿಲೋಗೆ 48 ರೂಪಾಯಿ ಎಂದು ಮಾತಾಗುತ್ತದೆ, 500 ರೂಪಾಯಿ ಮುಂಗಡ ಬರುತ್ತದೆ. ಬಕೆಟ್ ಅಂದರೆ ಅಂದಾಜು 10 ಕಿಲೋ ಅಷ್ಟೆ, ತೂಕ ಹಾಕುವವರೆಗೆ ನಿಜ ಗೊತ್ತಾಗುವುದಿಲ್ಲ. ಅವತ್ತು ಮೂರು ಬಕೆಟ್ ಮಾತ್ರ ಹೋಗುತ್ತದೆ, ತೂಕ 29.4 ಕಿಲೋ. ಬಿಲ್ಲು 1,411.20, ರೂಪಾಯಿಗೆ ಸರಿಮಾಡಿ 1,411. ಮುಂಗಡ ಕಳೆದು ಬಾಕಿ 911. ಗುರುವಾರ ಉಳಿದ ಎರಡು ಹೋಗುತ್ತದೆ, 19.7 ಕಿಲೋ. ಅಷ್ಟರಲ್ಲಿ ರೇಟು 50 ಆಗಿದೆ.

ಈಗ ಯಾವ ರೇಟು? 48 ಆದರೆ 945.60, 50 ಆದರೆ 985. ಇದನ್ನು ತೀರ್ಮಾನಿಸಬೇಕಾದವರು ನೀವು. ‘ಮುಂಗಡ ಕೊಟ್ಟ ಆರ್ಡರಿಗೆ ಫೋನಿನಲ್ಲಿ ಹೇಳಿದ ರೇಟೇ, ಮುಂಗಡ ಇಲ್ಲದಿದ್ದರೆ ಮಾಲು ಹೋದ ದಿನದ ರೇಟು’ ಎಂದು ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಈ ವ್ಯವಹಾರ ಓದಿದ ಡೆವಲಪರ್‌ಗೆ ಎರಡು ಸಂಗತಿ ತಾನಾಗಿ ಕಾಣುತ್ತದೆ. ಆರ್ಡರು ಬಕೆಟ್ ಲೆಕ್ಕದಲ್ಲಿ, ಬಿಲ್ಲು ಕಿಲೋ ಲೆಕ್ಕದಲ್ಲಿ. ಒಂದು ಆರ್ಡರಿಗೆ ಎರಡು ಬಿಲ್ಲು ಆಗಬಹುದು. ಹಾಗಾಗಿ ಎರಡನ್ನೂ ಬೇರೆ ಬೇರೆ ದಾಖಲೆಯಾಗಿ ಇಡಬೇಕು. ನಿಮ್ಮವನು ಆರ್ಡರನ್ನೇ ಬಿಲ್ಲು ಮಾಡಿ 5 ಬಕೆಟ್ಟನ್ನು 50 ಕಿಲೋ ಎಂದು ಹಿಡಿದಿರಬೇಕು. ಕಾಟಾದಲ್ಲಿ ಬಂದದ್ದು 49.1. ನಿಮ್ಮ ಸ್ಟಾಕು ದಿನಾ ಜಾರುವುದು ಇಲ್ಲೇ.

ಹಳೇ ಬಿಲ್ಲು ಬದಲಾಗುವುದು ಇದಕ್ಕಿಂತ ದೊಡ್ಡ ತಪ್ಪು. ಅವನು ಬಿಲ್ಲಿನೊಳಗೆ ರೇಟು ಬರೆದಿಟ್ಟಿಲ್ಲ, ಪ್ರತಿ ಸಲ ಐಟಂ ಪಟ್ಟಿಯಿಂದ ಇವತ್ತಿನ ರೇಟು ಎತ್ತಿಕೊಂಡು ಗುಣಿಸುತ್ತಿದ್ದಾನೆ. ಬಿಲ್ಲು ಆದ ಕ್ಷಣದ ಹೆಸರು, ತೂಕ, ರೇಟು, ತೆರಿಗೆ ನಾಲ್ಕೂ ಬಿಲ್ಲಿನ ಸಾಲಿನಲ್ಲೇ ನಕಲಾಗಿ ಉಳಿಯಬೇಕು. ತೆರಿಗೆಯ ಉದಾಹರಣೆ ನೋಡಿ: ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂತು. ನಿಮ್ಮಲ್ಲಿರುವಂಥ ತಂತ್ರಾಂಶದಲ್ಲಿ ಅವತ್ತು 5 ಎಂದು ತಿದ್ದಿದ್ದರೆ ಜುಲೈ 17ರ ಬಿಲ್ಲಿಗೂ ತೆರಿಗೆ ಬೀಳುತ್ತಿತ್ತು.

ಕೊನೆಯ ಕಂತು ಕೊಡುವ ಮುಂಚೆ ನೀವೇ ಪರೀಕ್ಷಿಸಿ. ಒಂದು ಬಿಲ್ಲು ಪ್ರಿಂಟ್ ತೆಗೆಯಿರಿ, ಐಟಂ ಪಟ್ಟಿಯಲ್ಲಿ ರೇಟು ಬದಲಾಯಿಸಿ, ಅದೇ ಬಿಲ್ಲನ್ನು ಮತ್ತೆ ಪ್ರಿಂಟ್ ತೆಗೆಯಿರಿ. ಒಂದು ಪೈಸೆ ವ್ಯತ್ಯಾಸ ಬಂದರೂ ದುಡ್ಡು ಕೊಡಬೇಡಿ. ಹೊಸ ಟಿಪ್ಪಣಿಯ ಜೊತೆಗೆ ಹಳೇ ಬಿಲ್ ಪುಸ್ತಕದ ಹತ್ತು ಹಾಳೆಗಳ ಫೋಟೋ ಕಳಿಸಿ. ಅಚ್ಚುಕಟ್ಟಾದ ಹಾಳೆ ಬೇಡ. ಹೊಡೆದು ತಿದ್ದಿದ್ದು, ಮಾಲು ವಾಪಸ್ ಬಂದದ್ದು, ಅರ್ಧ ದುಡ್ಡು ಬಂದದ್ದು ಬೇಕು. ತಂತ್ರಾಂಶ ಎಡವುವುದು ಅಂಥ ಹಾಳೆಗಳಲ್ಲೇ.

ಪ್ರಶ್ನೆ: ತಪ್ಪಾದ ಬಿಲ್ಲನ್ನು ಪೂರ್ತಿ ಅಳಿಸುವ ಬಟನ್ ಕೇಳಬಹುದೇ?

ಉತ್ತರ: ಬೇಡ. ಜಿಎಸ್‌ಟಿ ನಿಯಮದ ಪ್ರಕಾರ ಬಿಲ್ ಸಂಖ್ಯೆ ಕ್ರಮವಾಗಿ ಸಾಗಬೇಕು, ಒಂದು ಹಣಕಾಸು ವರ್ಷದಲ್ಲಿ ಮರುಕಳಿಸಬಾರದು, 16 ಅಕ್ಷರ ಮೀರಬಾರದು. `MD/25-26/0417` ಥರ ಇದ್ದರೆ ಸಾಕು. ತಪ್ಪಾದ ಬಿಲ್ಲು ‘ರದ್ದು’ ಎಂದು ಗುರುತಾಗಿ ಅದೇ ಸಂಖ್ಯೆಯಲ್ಲಿ ಉಳಿಯಲಿ. ಮಾಲು ವಾಪಸ್ ಬಂದರೆ ಕ್ರೆಡಿಟ್ ನೋಟ್ ಮಾಡಿ.

ಪ್ರಶ್ನೆ: ಮೈಸೂರಿನಲ್ಲಿ ಒಬ್ಬರು ಒಂದು ಪ್ರಶ್ನೆಯನ್ನೂ ಕೇಳದೆ ‘ಎಲ್ಲಾ ಆಗುತ್ತೆ ಸಾರ್, ಎರಡೇ ದಿನ’ ಅಂದರು. ಅವರಿಗೆ ಕೆಲಸ ಕೊಡಲೇ?

ಉತ್ತರ: ಕೊಡಬೇಡಿ. ಬಕೆಟ್ ಎಷ್ಟು ಕಿಲೋ ಎಂದೂ ಕೇಳದವರು ಮಾರುವುದು ಬೇರೆ ಯಾವುದೋ ಅಂಗಡಿಗೆ ಮಾಡಿದ ಹಳೇ ತಂತ್ರಾಂಶವನ್ನೇ.