ಅಣ್ಣನ ಫರ್ಲೋ ತಿರಸ್ಕೃತವಾಗಿದೆ, ಪರೋಲ್ ಕೇಳಬಹುದೇ?

ಓದುಗರ ಪತ್ರ: "ಅಣ್ಣ ತಿಹಾರ್‌ನಲ್ಲಿದ್ದಾನೆ. 2020ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಹೈಕೋರ್ಟ್ ಮೇಲ್ಮನವಿಯೂ ವಜಾ ಆಗಿದೆ. 2023ರ ಆಗಸ್ಟ್‌ನಲ್ಲಿ ಅವನ ಹತ್ತಿರ ಮೊಬೈಲ್ ಸಿಕ್ಕಿತೆಂದು ಜೈಲಿನಲ್ಲಿ ಶಿಕ್ಷೆ ಕೊಟ್ಟರು. ಈಗ ಫರ್ಲೋ ಅರ್ಜಿ ತಿರಸ್ಕರಿಸಿದ್ದಾರೆ. ಹಾಸನದಲ್ಲಿರುವ ಅಮ್ಮನಿಗೆ ಸೊಂಟದ ಆಪರೇಷನ್ ಇದೆ. ಪರೋಲ್ ಕೇಳಿದರೆ ಅದೇ ಉತ್ತರ ಬರುತ್ತದೆಯೇ?" — ಓದುಗರೊಬ್ಬರು, ದೆಹಲಿ

ಸಂಪಾದಕರ ಉತ್ತರ: ಬರಬೇಕೆಂದೇನಿಲ್ಲ. ಎರಡರ ಅಳತೆಗೋಲೂ ಬೇರೆ.

ಫರ್ಲೋ ಎಂಬುದು ಒಳ್ಳೆಯ ನಡತೆಗೆ ಸಿಗುವ ರಜೆ, ಅದಕ್ಕೆ ಮನೆಯ ಕಾರಣ ಹೇಳಬೇಕಾಗಿಲ್ಲ. ದೆಹಲಿ ಕಾರಾಗೃಹ ನಿಯಮಗಳು 2018ರ ಪ್ರಕಾರ ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಶಿಕ್ಷೆಯಾದ ಮೇಲೆ ಮೂರು ವರ್ಷ ಒಳಗಿದ್ದರೆ ಇದಕ್ಕೆ ಅರ್ಹರು. ವರ್ಷಕ್ಕೆ ಒಟ್ಟು ಏಳು ವಾರ, ಕಂತುಗಳಲ್ಲಿ. ಆದರೆ ಕಳೆದ ಮೂರು ವಾರ್ಷಿಕ ಸನ್ನಡತೆ ವರದಿಗಳಲ್ಲೂ ಬಹುಮಾನ ಗಳಿಸಿರಬೇಕು. ನಿಮ್ಮ ಅಣ್ಣನಿಗೆ ಅಡ್ಡ ಬಂದಿರುವುದು ಇದೇ. 2023ರ ವರದಿ ಆ ಮೂರರೊಳಗೆ ಇರುವ ತನಕ ಫರ್ಲೋ ಕಷ್ಟ. 2024, 2025, 2026ರ ವರದಿಗಳು ಚೊಕ್ಕವಾಗಿ ಬಂದರೆ 2027ರಲ್ಲಿ ಬಾಗಿಲು ತೆರೆಯುತ್ತದೆ. ಅದಕ್ಕೂ ಮೊದಲು ಅರ್ಜಿ ಮೇಲೆ ಅರ್ಜಿ ಹಾಕಿ ಕಡತ ದಪ್ಪ ಮಾಡಬೇಡಿ.

ಪರೋಲ್‌ಗೆ ನಿರ್ದಿಷ್ಟ ಕಾರಣ ಬೇಕು. ಮನೆಯವರ ಗಂಭೀರ ಕಾಯಿಲೆ, ಸಾವು, ಮದುವೆ, ಹೆಂಡತಿಯ ಹೆರಿಗೆ, ಬಿತ್ತನೆ ಕಟಾವು, ಸುಪ್ರೀಂ ಕೋರ್ಟಿಗೆ ಹೋಗುವ ತಯಾರಿ, ಇವೆಲ್ಲ ನಿಯಮದಲ್ಲೇ ಇವೆ. ಅಮ್ಮನ ಆಪರೇಷನ್ ಇಲ್ಲಿ ಸಲ್ಲುತ್ತದೆ. ಶಿಕ್ಷೆಯಾದ ಮೇಲೆ ಒಂದು ವರ್ಷ ಒಳಗಿದ್ದಿರಬೇಕು, ಹಿಂದಿನ ಪರೋಲ್ ಮುಗಿದು ಆರು ತಿಂಗಳಾಗಿರಬೇಕು. ನಡತೆಯ ಲೆಕ್ಕವೂ ಸಡಿಲ: ಜೈಲಿನ ದೊಡ್ಡ ಶಿಕ್ಷೆಗೆ ಗುರಿಯಾದವರ ನಡತೆ ಅರ್ಜಿಯ ದಿನದಿಂದ ಹಿಂದಕ್ಕೆ ಎರಡು ವರ್ಷ ಚೆನ್ನಾಗಿದ್ದರೆ ಸಾಕು, ಸಣ್ಣ ಶಿಕ್ಷೆಯಾದರೆ ಒಂದು ವರ್ಷ. ಮೊಬೈಲ್ ಪ್ರಕರಣವನ್ನು ದೊಡ್ಡದೆಂದೇ ಹಿಡಿದರೂ 2025ರ ಆಗಸ್ಟ್‌ಗೆ ಆ ಎರಡು ವರ್ಷ ಮುಗಿದಿದೆ. ಆಮೇಲೆ ಬೇರೆ ಯಾವ ಶಿಕ್ಷೆಯೂ ದಾಖಲಾಗಿಲ್ಲ ಎಂಬುದನ್ನು ಮಾತ್ರ ಜೈಲಿನಿಂದ ಖಚಿತಪಡಿಸಿಕೊಳ್ಳಿ.

ಪರೋಲ್‌ಗೆ ತೆರಬೇಕಾದ ಬೆಲೆ ಒಂದಿದೆ, ಬಹಳ ಕುಟುಂಬಗಳಿಗೆ ಇದು ಗೊತ್ತಿರುವುದಿಲ್ಲ. ಫರ್ಲೋದಲ್ಲಿ ಹೊರಗಿದ್ದ ದಿನಗಳು ಶಿಕ್ಷೆಯಲ್ಲೇ ಜಮೆಯಾಗುತ್ತವೆ. ಪರೋಲ್‌ನ ದಿನಗಳನ್ನು ಮತ್ತೆ ಒಳಗೆ ಕಳೆಯಬೇಕು. ಅವಧಿಪೂರ್ವ ಬಿಡುಗಡೆಗೆ ಬೇಕಾದ 14 ವರ್ಷದ ಲೆಕ್ಕದಲ್ಲೂ ಪರೋಲ್ ಸೇರುವುದಿಲ್ಲವೆಂದು 2023ರ ಜನವರಿಯಲ್ಲಿ ಗೋವಾದ ಕೈದಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಾಲ್ಕು ವಾರ ಪಡೆದರೆ ಬಿಡುಗಡೆಯೂ ನಾಲ್ಕು ವಾರ ಮುಂದಕ್ಕೆ ಹೋಗುತ್ತದೆ. ತಾಯಿಯ ಆಪರೇಷನ್ನಿಗೆ ಇದು ತೆರಬಹುದಾದ ಬೆಲೆ ಎಂದೇ ನನ್ನ ಅಭಿಪ್ರಾಯ.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಕಾಗದ. "ತಾಯಿಗೆ ಹುಷಾರಿಲ್ಲ" ಎಂದು ಬರೆದರೆ ಸಾಲದು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಕಾಯಿಲೆ, ಆಪರೇಷನ್ ದಿನ, ಎಷ್ಟು ವಾರ ಆರೈಕೆ ಬೇಕು, ವೈದ್ಯರ ನೋಂದಣಿ ಸಂಖ್ಯೆ ಎಲ್ಲವೂ ಇರಲಿ. ನೀವು ಇರುವಾಗ ಅಣ್ಣನೇ ಏಕೆ ಬರಬೇಕು ಎಂಬ ಪ್ರಶ್ನೆ ಖಂಡಿತ ಬರುತ್ತದೆ. ನಿಮ್ಮ ಕೆಲಸ, ಮಕ್ಕಳು, ಹಾಸನಕ್ಕೆ ಇರುವ ದೂರವನ್ನು ಅರ್ಜಿಯಲ್ಲೇ ಹೇಳಿಬಿಡಿ.

ಎರಡನೆಯದು ಪೊಲೀಸ್ ವರದಿ. ವಿಳಾಸ ಹಾಸನದ್ದಾದರೆ ಪರಿಶೀಲನೆಗೆ ಅಲ್ಲಿನ ಠಾಣೆಗೇ ಹೋಗುತ್ತದೆ. ಪೇದೆ ಬಂದ ದಿನ ಮನೆಗೆ ಬೀಗ ಬಿದ್ದಿದ್ದರೆ "ವಿಳಾಸದಲ್ಲಿ ಯಾರೂ ಇಲ್ಲ" ಎಂದು ಒಂದು ಸಾಲು ಬರೆದು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಅಮ್ಮನ ಆಧಾರ್, ಪಡಿತರ ಚೀಟಿ, ವಿದ್ಯುತ್ ಬಿಲ್ ಮೂರರಲ್ಲೂ ಒಂದೇ ವಿಳಾಸವಿದೆಯೇ ನೋಡಿ; ಅಕ್ಕಪಕ್ಕದ ಒಬ್ಬರ ಹೆಸರು, ಫೋನ್ ಕೊಟ್ಟಿರಿ. ಜಾಮೀನು ನಿಲ್ಲುವವರನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ದೂರುದಾರರ ಮನೆ ಅದೇ ಊರಿನಲ್ಲಿದ್ದರೆ ಠಾಣೆಯವರು ಗಲಾಟೆಯಾದೀತೆಂದು ವಿರೋಧಿಸುತ್ತಾರೆ. ಆಗ ಬೇರೆ ಬಡಾವಣೆಯ ನೆಂಟರ ಮನೆಯ ವಿಳಾಸ ಕೊಡುವುದು ಒಳ್ಳೆಯದು.

ಅರ್ಜಿ ಜೈಲು ಸೂಪರಿಂಟೆಂಡೆಂಟ್ ಮೂಲಕ ಹೋಗುತ್ತದೆ. ಫರ್ಲೋ ತೀರ್ಮಾನ ಜೈಲು ಇಲಾಖೆಯ ಮುಖ್ಯಸ್ಥರದು, ಪರೋಲ್ ತೀರ್ಮಾನ ಸರ್ಕಾರದ್ದು. ಆದ್ದರಿಂದ ಫರ್ಲೋ ತಿರಸ್ಕಾರದ ಆದೇಶ ಪರೋಲ್ ಕಡತವನ್ನು ಕಟ್ಟಿಹಾಕುವುದಿಲ್ಲ. ತಿರಸ್ಕರಿಸಿದರೆ ಲಿಖಿತ ಆದೇಶದ ಪ್ರತಿ ಕೇಳಿ ಪಡೆಯಿರಿ, ಅದಿಲ್ಲದೆ ದೆಹಲಿ ಹೈಕೋರ್ಟ್‌ನಲ್ಲಿ ರಿಟ್ ಹಾಕುವುದು ಕಷ್ಟ. "ಅಪರಾಧ ಗಂಭೀರ" ಎಂಬುದಷ್ಟೇ ಕಾರಣವಾಗಿದ್ದರೆ, 2017ರ ಅಸ್ಫಾಕ್ ತೀರ್ಪನ್ನು ವಕೀಲರು ತೋರಿಸಲಿ: ಅಪರಾಧ ಘೋರ ಎಂಬ ಒಂದೇ ಕಾರಣಕ್ಕೆ ಪರೋಲ್ ನಿರಾಕರಿಸಬಾರದು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜೈಲಿನಲ್ಲೇ ಇರುವ ಉಚಿತ ಕಾನೂನು ನೆರವು ಘಟಕಕ್ಕೆ ಅಣ್ಣ ಬರೆದುಕೊಡಲಿ.

ಕರ್ನಾಟಕದ ಜೈಲುಗಳಲ್ಲಿ ಮನೆಯವರಿರುವ ಓದುಗರು ಈ ಸಂಖ್ಯೆಗಳನ್ನು ನಂಬಿ ಅರ್ಜಿ ಹಾಕಬೇಡಿ. ಕಾರಾಗೃಹ ರಾಜ್ಯದ ವಿಷಯ, ನಮ್ಮಲ್ಲಿ 2021ರ ಕೈಪಿಡಿ ಬೇರೆಯೇ ಇದೆ.

ಪರೋಲ್ ಸಿಕ್ಕಿತೆನ್ನಿ, ಮರಳುವ ರೈಲನ್ನು ಕೊನೆಯ ದಿನಕ್ಕೆ ಬುಕ್ ಮಾಡಬೇಡಿ, ಒಂದು ದಿನ ಮುಂಚೆಯೇ ದೆಹಲಿ ಸೇರುವಂತಿರಲಿ. ತಡವಾಗಿ ಶರಣಾದರೆ ಮುಂದಿನ ಪರೋಲ್, ಫರ್ಲೋ ಎರಡಕ್ಕೂ ಅದೇ ಅಡ್ಡಿಯಾಗುತ್ತದೆ. ಅಮ್ಮನ ಸ್ಥಿತಿ ಬಿಗಡಾಯಿಸಿ ಇನ್ನಷ್ಟು ದಿನ ಬೇಕಾದರೆ, ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಿ.